‘ಕುರಿತು’ ಮತ್ತು ‘ಎಂದು’: ಮೋರಖಂಡಿಯ ಅಧ್ಯಾಯವೊಂದರ ಮುನ್ನೋಟ

ಕನ್ನಡ ವಿಭಾಗಗಳಲ್ಲಿ ಸಿದ್ಧವಾಗುವ ಮಹಾಪ್ರಬಂಧಗಳ ಪ್ರತಿಯೊಂದು ಅಧ್ಯಾಯದ ಆರಂಭದಲ್ಲೂ ಒಂದು ಕಂಡಿಕೆ ಇದ್ದೇ ಇರುತ್ತದೆ. ಅಧ್ಯಾಯವನ್ನು ಎಷ್ಟು ಭಾಗಗಳಾಗಿ ವಿಂಗಡಿಸಲಾಗಿದೆ, ಯಾವ ಭಾಗದಲ್ಲಿ ಏನನ್ನು ಚರ್ಚಿಸಲಾಗಿದೆ ಎಂಬುದನ್ನು ಅದು ಒಂದೊಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಬರೆಯುವವರಿಗೆ ಇದು ಅತ್ಯಂತ ಸುಲಭದ ಕಂಡಿಕೆ. ಓದುವವರಿಗೆ ಬಿಟ್ಟು ಮುಂದೆ ಹೋಗಬಹುದಾದ ಕಂಡಿಕೆ. ಪರಿವಿಡಿಯಲ್ಲಿ ಈಗಾಗಲೇ ಇರುವ ಶೀರ್ಷಿಕೆಗಳಿಗೆ ಕ್ರಿಯಾಪದಗಳನ್ನು ಜೋಡಿಸಿದರೆ ಅದು ತಾನಾಗಿಯೇ ಸಿದ್ಧವಾಗುತ್ತದೆ. ಆದರೆ ಇದೇ ಕಂಡಿಕೆಯನ್ನು ಅಧ್ಯಾಯದ ವಾದವನ್ನು ಮುಂದಾಗಿ ತಿಳಿಸುವಂತೆ ತಿದ್ದಲು ಹೊರಟಾಗ, ಅಧ್ಯಾಯದಲ್ಲಿ ವಾದವಿದೆಯೇ ಎಂಬ ಪ್ರಶ್ನೆಯೇ ಎದುರಾಗುತ್ತದೆ. ಬೀದರ ಜಿಲ್ಲೆಯ ಮೋರಖಂಡಿಯನ್ನು ಕುರಿತ ಒಂದು ಅಧ್ಯಾಯದಲ್ಲಿ ಹೀಗೆ ನಡೆದುದನ್ನು ಇಲ್ಲಿ ವಿವರವಾಗಿ ನೋಡಬಹುದು.

ಸಂಶೋಧಕಿಯೊಬ್ಬಳು ಬಸವಕಲ್ಯಾಣ ಮತ್ತು ಹುಮನಾಬಾದ ಪರಿಸರದ ಸ್ಥಳನಾಮಗಳನ್ನು ತನ್ನ ಅಧ್ಯಯನದ ವಿಷಯವನ್ನಾಗಿ ಆರಿಸಿಕೊಂಡಿದ್ದಳು. ಅವಳ ಮಹಾಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿಯಾಗಿ ಮೋರಖಂಡಿಗೆ ಮೀಸಲಾಗಿತ್ತು. ಒಂದೇ ಊರಿಗೆ ಇಡೀ ಅಧ್ಯಾಯವನ್ನು ಕೊಡಲು ಕಾರಣವಿತ್ತು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಕೆಲವು ತಾಮ್ರಪಟಗಳು ಮಯೂರಖಂಡಿ ಎಂಬ ಸ್ಥಳದಿಂದ ಹೊರಟಿವೆ. ಆ ಮಯೂರಖಂಡಿ ಎಲ್ಲಿದೆ ಎಂಬುದಕ್ಕೆ ಎರಡು ಉತ್ತರಗಳು ಪ್ರಚಲಿತವಾಗಿವೆ. ಒಂದು, ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ವಣಿಯ ಸಮೀಪದ ಮೋರಖಂಡ ಎಂಬ ಬೆಟ್ಟದ ಕೋಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾರ್ಜ್ ಬ್ಯೂಲರ್ ಮುಂದಿಟ್ಟ ಅಭಿಪ್ರಾಯವಿದು. ಇನ್ನೊಂದು, ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿ. ಕರ್ನಾಟಕದ ಇತಿಹಾಸವನ್ನು ಬರೆದ ಹಲವರು ಇದನ್ನು ಒಪ್ಪಿಕೊಂಡು ಬಂದಿದ್ದಾರೆ. ಮಾನ್ಯಖೇಟಕ್ಕೆ ಮೊದಲಿನ ರಾಷ್ಟ್ರಕೂಟ ರಾಜಧಾನಿ ಬೀದರ ಜಿಲ್ಲೆಯಲ್ಲಿತ್ತು ಎಂಬ ಮಾತು ಪಠ್ಯಗಳಲ್ಲಿ ನೆಲೆಗೊಂಡಿರುವುದು ಈ ಎರಡನೆಯ ಉತ್ತರದ ಮೂಲಕವೇ.

ಊರಿನವರಿಗೆ ಇದು ವಿದ್ವತ್ತಿನ ಪ್ರಶ್ನೆಯಲ್ಲ. ಕ್ಷೇತ್ರಕಾರ್ಯದಲ್ಲಿ ಆ ಭಾಗದ ಹಿರಿಯರೊಬ್ಬರು ಅವಳಿಗೆ ಹೇಳಿದ ಮಾತು ಟಿಪ್ಪಣಿಯ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು: “ತಂಗಿ, ಕಲ್ಯಾಣಕಿಂತ ಮೊದಲೇ ನಮ್ಮೂರು ರಾಜಧಾನಿ ಇತ್ತು ಅಂತ ಸರಿಯಾಗಿ ಬರಿ. ಯಾರೂ ಬರದಿಲ್ಲ.” ಅವಳು “ಬರೀತೀನಿ ಕಾಕಾ” ಎಂದು ಉತ್ತರಿಸಿದ್ದಳು. ಅಧ್ಯಾಯವನ್ನು ಬರೆಯುವಾಗ ಈ ಮಾತಿನ ಭಾರ ಅವಳ ಮೇಲೆ ಇದ್ದಿರಬೇಕು. ಬರೆದು ಮುಗಿಸಿದ ಮೇಲೆ ಆರಂಭದಲ್ಲಿ ಸೇರಿಸಿದ ಕಂಡಿಕೆ ಹೀಗಿತ್ತು:

‘ಪ್ರಸ್ತುತ ಅಧ್ಯಾಯವನ್ನು ಐದು ಭಾಗಗಳಾಗಿ ವಿಂಗಡಿಸಿಕೊಳ್ಳಲಾಗಿದೆ. ಮೊದಲನೆಯ ಭಾಗದಲ್ಲಿ ಮೋರಖಂಡಿಯ ಭೌಗೋಳಿಕ ಹಾಗೂ ಸಾಮಾಜಿಕ ಹಿನ್ನೆಲೆಯನ್ನು ಪರಿಚಯಿಸಲಾಗಿದೆ. ಎರಡನೆಯ ಭಾಗದಲ್ಲಿ ಮೂರನೆಯ ಗೋವಿಂದನ ತಾಮ್ರಪಟಗಳನ್ನು ಕುರಿತು ಚರ್ಚಿಸಲಾಗಿದೆ. ಮೂರನೆಯ ಭಾಗದಲ್ಲಿ ಮಯೂರಖಂಡಿಯ ಗುರುತಿಸುವಿಕೆಯನ್ನು ಕುರಿತ ವಿದ್ವಾಂಸರ ಅಭಿಪ್ರಾಯಗಳನ್ನು ಪರಿಶೀಲಿಸಲಾಗಿದೆ. ನಾಲ್ಕನೆಯ ಭಾಗದಲ್ಲಿ ಮೋರಖಂಡಿ ಎಂಬ ಹೆಸರಿನ ನಿಷ್ಪತ್ತಿಯನ್ನು ಭಾಷಾವೈಜ್ಞಾನಿಕವಾಗಿ ವಿವೇಚಿಸಲಾಗಿದೆ. ಐದನೆಯ ಭಾಗದಲ್ಲಿ ಇದುವರೆಗಿನ ಚರ್ಚೆಯಿಂದ ಲಭಿಸಿದ ಫಲಿತಗಳನ್ನು ಕ್ರೋಡೀಕರಿಸಲಾಗಿದೆ.’

ಈ ಕಂಡಿಕೆಯಲ್ಲಿ ವ್ಯಾಕರಣದ ದೋಷವಿಲ್ಲ, ಮಾಹಿತಿಯ ದೋಷವೂ ಇಲ್ಲ. ಐದು ಭಾಗಗಳಲ್ಲಿ ಇರುವುದು ಇವೇ. ಮಾರ್ಗದರ್ಶಕರು ಓದಿ ಹೇಳಿದ್ದು ಎರಡೇ ಮಾತು: “ಏನೇನು ಅದ ಅಂತ ಗೊತ್ತಾತು. ನೀವು ಏನಂತೀರಿ ಅನ್ನೋದು ಗೊತ್ತಾಗಲಿಲ್ಲ.” ‘ಸರ್, ಅದು ಐದನೆಯ ಭಾಗದಲ್ಲಿ ಬರ್ತದ’ ಎಂಬ ಉತ್ತರ ಅವಳ ಬಳಿ ಸಿದ್ಧವಾಗಿತ್ತು, ಬಹುತೇಕ ಸಂಶೋಧಕರ ಬಳಿ ಇರುವ ಉತ್ತರವೇ ಅದು. ಆದರೆ ಕೊನೆಯ ಭಾಗದಲ್ಲಿ ತಿಳಿಯುವ ಸಂಗತಿಯನ್ನು ಕಾದಿರಿಸಿಕೊಳ್ಳುವುದು ಕಾದಂಬರಿಗೆ ಒಪ್ಪುವ ಕ್ರಮ. ಪ್ರಬಂಧದ ಓದುಗರು ಸಾಕ್ಷ್ಯವನ್ನು ತೂಗಿ ನೋಡಬೇಕಾದರೆ ಅದು ಯಾವುದಕ್ಕೆ ಸಾಕ್ಷ್ಯ ಎಂಬುದು ಅವರಿಗೆ ಮೊದಲೇ ತಿಳಿದಿರಬೇಕು. ತಾಮ್ರಪಟದ ಒಂದು ಪದವನ್ನು ಹತ್ತು ಪುಟಗಳಷ್ಟು ಚರ್ಚಿಸಿದರೂ, ಆ ಪದದಿಂದ ಏನು ನಿಲ್ಲುತ್ತದೆ, ಏನು ಬೀಳುತ್ತದೆ ಎಂಬುದು ತಿಳಿಯದಿದ್ದರೆ ಆ ಹತ್ತು ಪುಟಗಳು ಮಾಹಿತಿಯಾಗಿಯೇ ಉಳಿಯುತ್ತವೆ.

ನಮ್ಮ ಶಾಸ್ತ್ರಪರಂಪರೆಗೆ ಈ ವ್ಯತ್ಯಾಸ ಹೊಸದಲ್ಲ. ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನನು ಶಾಸ್ತ್ರದ ಪ್ರವೃತ್ತಿಯನ್ನು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರಾಗಿ ಹೇಳುತ್ತಾನೆ. ಅಲ್ಲಿ ‘ಉದ್ದೇಶ’ ಎಂದರೆ ಇಂದಿನ ಬಳಕೆಯ ಗುರಿ ಎಂಬ ಅರ್ಥವಲ್ಲ. ಮುಂದೆ ವಿಚಾರಿಸಬೇಕಾದ ಪದಾರ್ಥಗಳನ್ನು ಹೆಸರು ಹಿಡಿದು ಎಣಿಸುವುದು ಎಂದರ್ಥ. ಅದೇ ಶಾಸ್ತ್ರ ಅನುಮಾನವಾಕ್ಯದ ಐದು ಅವಯವಗಳನ್ನು ಹೇಳುವಾಗ ಮೊದಲನೆಯದಾಗಿ ಇಡುವುದು ‘ಪ್ರತಿಜ್ಞೆ’ಯನ್ನು, ಅಂದರೆ ಸಾಧಿಸಬೇಕಾದ ಮಾತನ್ನು. ಬೆಟ್ಟ, ಹೊಗೆ, ಬೆಂಕಿ ಎಂದು ಎಣಿಸಿದರೆ ಅದು ಉದ್ದೇಶ. ಬೆಟ್ಟದಲ್ಲಿ ಬೆಂಕಿಯಿದೆ ಎಂದರೆ ಪ್ರತಿಜ್ಞೆ. ಮೇಲಿನ ಕಂಡಿಕೆ ಉದ್ದೇಶದಲ್ಲಿಯೇ ನಿಂತಿದೆ. ಇಂಗ್ಲಿಷ್ ಶೈಕ್ಷಣಿಕ ಬರವಣಿಗೆಯನ್ನು ವಿಶ್ಲೇಷಿಸಿದ ಜಾನ್ ಸ್ವೇಲ್ಸ್ 1990ರ ತನ್ನ ಗ್ರಂಥದಲ್ಲಿ ಸಂಶೋಧನ ಲೇಖನದ ಪೀಠಿಕೆಯ ಚಲನೆಗಳನ್ನು ವಿಂಗಡಿಸುವಾಗ, ಲೇಖನದ ರಚನೆಯನ್ನು ಸೂಚಿಸುವ ಹೆಜ್ಜೆಯನ್ನು ಕಟ್ಟಕಡೆಗೆ ಇಡುತ್ತಾನೆ. ಅಧ್ಯಯನ ಕ್ಷೇತ್ರವನ್ನು, ಅದರಲ್ಲಿನ ಕೊರತೆಯನ್ನು, ಆ ಕೊರತೆಗೆ ಲೇಖಕರು ಕೊಡುವ ಉತ್ತರವನ್ನು ಹೇಳಿದ ಮೇಲಷ್ಟೇ ಅದರ ಸರದಿ. ಮೊದಲಿನವು ಇಲ್ಲದೆ ಕೊನೆಯ ಹೆಜ್ಜೆ ಮಾತ್ರ ಇರುವುದೇ ನಮ್ಮ ಬಹುಪಾಲು ಅಧ್ಯಾಯಗಳ ಸ್ಥಿತಿ.

ಕನ್ನಡದಲ್ಲಿ ಈ ದೋಷವನ್ನು ಗುರುತಿಸಲು ಕನ್ನಡದ್ದೇ ಆದ ಒಂದು ಗುರುತು ಇದೆ. ‘ಕುರಿತು’, ‘ಬಗೆಗೆ’ ಎಂಬ ಪದಗಳು ತಮ್ಮ ಹಿಂದೆ ನಾಮಪದವನ್ನಷ್ಟೇ ಬೇಡುತ್ತವೆ: ತಾಮ್ರಪಟಗಳನ್ನು ಕುರಿತು, ನಿಷ್ಪತ್ತಿಯ ಬಗೆಗೆ. ‘ಎಂದು’ ಎಂಬುದು ಹಾಗಲ್ಲ. ಅದರ ಹಿಂದೆ ಒಂದು ಪೂರ್ಣ ವಾಕ್ಯ ಇರಬೇಕು. ವಾಕ್ಯವೆಂದರೆ ಕರ್ತೃ ಮತ್ತು ಆಖ್ಯಾತ, ಅಂದರೆ ಒಂದು ಹೇಳಿಕೆ. ‘ತಾಮ್ರಪಟಗಳನ್ನು ಕುರಿತು ಚರ್ಚಿಸಲಾಗಿದೆ’ ಎಂಬುದನ್ನು ಅಳಿಸಿ ‘ತಾಮ್ರಪಟಗಳು… ಎಂದು ತೋರಿಸಲಾಗಿದೆ’ ಎಂದು ಬರೆಯತೊಡಗಿದರೆ ನಡುವಿನ ಖಾಲಿ ಜಾಗವನ್ನು ತುಂಬಲೇಬೇಕಾಗುತ್ತದೆ. ‘ಚರ್ಚಿಸಲಾಗಿದೆ’, ‘ವಿವೇಚಿಸಲಾಗಿದೆ’, ‘ಪರಿಶೀಲಿಸಲಾಗಿದೆ’ ಎಂಬ ಕರ್ಮಣಿ ರೂಪಗಳನ್ನು ಈ ದೋಷಕ್ಕೆ ಹೊಣೆಯಾಗಿಸುವುದುಂಟು. ಅದು ಅಷ್ಟು ಸರಿಯಲ್ಲ. ಕರ್ಮಣಿಯಲ್ಲಿಯೂ ವಾದವನ್ನು ಹೇಳಬಹುದು. ಕರ್ತರಿಯಲ್ಲಿ ‘ನಾನು ತಾಮ್ರಪಟಗಳನ್ನು ಚರ್ಚಿಸುತ್ತೇನೆ’ ಎಂದರೂ ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದೆ. ಅಡಚಣೆ ಇರುವುದು ಕ್ರಿಯಾಪದದ ಪ್ರಯೋಗದಲ್ಲಲ್ಲ, ಅದರ ಹಿಂದೆ ಹೇಳಿಕೆ ಇಲ್ಲದಿರುವುದರಲ್ಲಿ.

ಸಂಶೋಧಕಿಯ ಮೊದಲ ತಿದ್ದುಪಡಿ ಇದನ್ನು ಸ್ಪಷ್ಟಗೊಳಿಸುತ್ತದೆ. ಅವಳು ಕ್ರಿಯಾಪದಗಳನ್ನು ಬಲಪಡಿಸಿದಳು. ‘ಚರ್ಚಿಸಲಾಗಿದೆ’ ಎಂಬುದು ‘ಪ್ರತಿಪಾದಿಸಲಾಗಿದೆ’ ಎಂದಾಯಿತು. ‘ವಿವೇಚಿಸಲಾಗಿದೆ’ ಎಂಬುದು ‘ಸಾಬೀತುಪಡಿಸಲಾಗಿದೆ’ ಎಂದಾಯಿತು. ಕೊನೆಗೆ ‘ಮೋರಖಂಡಿಯೇ ಮಯೂರಖಂಡಿ ಎಂದು ಸ್ಥಾಪಿಸಲಾಗಿದೆ’ ಎಂಬ ವಾಕ್ಯ ಸೇರಿತು. ಈಗ ಹೇಳಿಕೆಯೊಂದು ಬಂದಿದೆ. ಆದರೆ ಅದಕ್ಕೂ ಹಿಂದಿನ ನಾಲ್ಕು ವಾಕ್ಯಗಳಿಗೂ ಇರಬೇಕಾದ ಸಂಬಂಧ ಬಂದಿಲ್ಲ. ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳನ್ನು ಅದಲುಬದಲು ಮಾಡಿ ಓದಿದರೆ ಕಂಡಿಕೆಗೆ ಯಾವ ಧಕ್ಕೆಯೂ ಆಗುವುದಿಲ್ಲ. ಸ್ಥಾನ ಬದಲಿಸಿದರೂ ಏನೂ ಕೆಡದ ವಾಕ್ಯಗಳು ಒಂದರ ಮೇಲೊಂದು ನಿಂತಿಲ್ಲ, ಪಕ್ಕಪಕ್ಕದಲ್ಲಿ ನಿಂತಿವೆ ಎಂದೇ ಅರ್ಥ. ವಾದದಲ್ಲಿ ಹಾಗಾಗದು. ಅಲ್ಲಿ ವಾಕ್ಯಗಳ ನಡುವೆ ‘ಮೊದಲನೆಯ’, ‘ಎರಡನೆಯ’ ಎಂಬ ಸಂಖ್ಯೆಗಳಿಗಿಂತ ‘ಆದ್ದರಿಂದ’, ‘ಆದರೆ’, ‘ಹಾಗಿದ್ದರೆ’ ಎಂಬ ಅವ್ಯಯಗಳು ಕೆಲಸ ಮಾಡುತ್ತವೆ.

ಹೀಗಾಗಿ ಎರಡನೆಯ ತಿದ್ದುಪಡಿಗೆ ಅವಳು ಬೇರೆ ದಾರಿ ಹಿಡಿದಳು. ಕಂಡಿಕೆಯನ್ನು ಬದಿಗಿಟ್ಟು, ಐದು ಭಾಗಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದು ಭಾಗವೂ ನಿಜವಾಗಿ ಏನನ್ನು ತೋರಿಸಿದೆ ಎಂಬುದನ್ನು ‘ಎಂದು’ವಿನಿಂದ ಮುಗಿಯುವ ಒಂದೇ ವಾಕ್ಯದಲ್ಲಿ ಬೇರೆ ಹಾಳೆಯ ಮೇಲೆ ಬರೆಯುತ್ತ ಹೋದಳು. ತೋರಿಸಬೇಕೆಂದುಕೊಂಡದ್ದನ್ನಲ್ಲ, ಪುಟದ ಮೇಲಿರುವ ಸಾಕ್ಷ್ಯ ಹೊರಬಲ್ಲಷ್ಟನ್ನು ಮಾತ್ರ.

ತಾಮ್ರಪಟಗಳ ಭಾಗದಿಂದ ಹೊರಟ ವಾಕ್ಯವೇ ಅನಿರೀಕ್ಷಿತವಾಗಿತ್ತು. ವಣಿ ದಿಂಡೋರಿಯ ಪಟಗಳು ಕ್ರಿ.ಶ. 807ರ ಸುಮಾರಿನವು, ರಾಧನಪುರದವು 808ರವು, ತುಮಕೂರು ಜಿಲ್ಲೆಯ ಕಡಬದವು 813ರ ಸುಮಾರಿನವು. ಕಡಬದ ಪಟಗಳ ಪ್ರಾಮಾಣಿಕತೆಯನ್ನು ಕೆಲವರು ಶಂಕಿಸಿದ್ದರೂ ಮೂರೂ ಮಯೂರಖಂಡಿಯನ್ನು ಹೆಸರಿಸುತ್ತವೆ. ಆದರೆ ಅರಸನಿಗೂ ಆ ಸ್ಥಳಕ್ಕೂ ಇರುವ ಸಂಬಂಧವನ್ನು ಹೇಳಲು ವಣಿ ದಿಂಡೋರಿ ಮತ್ತು ರಾಧನಪುರದ ಪಟಗಳು ಬಳಸುವ ಪದ ‘ಸಮಾವಾಸಿತ’; ಬಿಡಾರ ಹೂಡಿದ್ದ, ತಂಗಿದ್ದ ಎಂಬುದು ಅದರ ಅರ್ಥ. ಮುಂದಿನ ಕಾಲದ ರಾಷ್ಟ್ರಕೂಟ ದಾನಪತ್ರಗಳು ಮಾನ್ಯಖೇಟವನ್ನು ಹೆಸರಿಸುವಾಗ ‘ರಾಜಧಾನಿ’ ಎಂಬ ಶಬ್ದವನ್ನೇ ಬಳಸುತ್ತವೆ. 1934ರಲ್ಲಿ ರಾಷ್ಟ್ರಕೂಟರ ಇತಿಹಾಸವನ್ನು ಪ್ರಕಟಿಸಿದ ಅ.ಸ. ಅಳ್ತೇಕರ್ ಈ ಪದಭೇದವನ್ನು ಗಮನಿಸಿ, ಮಯೂರಖಂಡಿ ರಾಜಧಾನಿಯಾಗಿತ್ತು ಎಂಬ ತೀರ್ಮಾನವನ್ನು ಒಪ್ಪದೆ ಅದು ಸೇನಾಬಿಡಾರವಾಗಿರಬಹುದೆಂದು ಸೂಚಿಸಿದ್ದರು. ಆರೇಳು ವರ್ಷಗಳ ಅಂತರದಲ್ಲಿ ಮೂರು ಬಾರಿ ಒಂದೇ ನೆಲೆಯಿಂದ ದಾನಪತ್ರಗಳು ಹೊರಟಿರುವುದರಿಂದ ಅದು ಅರಸನಿಗೆ ಮುಖ್ಯವಾದ ಸ್ಥಳ ಎನ್ನಬಹುದು. ಅದಕ್ಕಿಂತ ಹೆಚ್ಚಿನದನ್ನು ಪಟಗಳು ಹೇಳುವುದಿಲ್ಲ. ಹಾಗಾಗಿ ಅವಳ ಹಾಳೆಯ ಮೇಲಿನ ವಾಕ್ಯ ‘ತಾಮ್ರಪಟಗಳು ಮಯೂರಖಂಡಿಯನ್ನು ಅರಸನ ಬಿಡಾರವೆಂದು ಹೇಳುತ್ತವೆ, ರಾಜಧಾನಿಯೆಂದು ಹೇಳುವುದಿಲ್ಲ ಎಂದು’ ಎಂದಾಯಿತು. ಊರಿನ ಹಿರಿಯರ ಮಾತಿನಲ್ಲಿದ್ದ ‘ರಾಜಧಾನಿ’ ಅಲ್ಲಿಯೇ ಮೂಲಪ್ರಶ್ನೆಯಿಂದ ಬೇರ್ಪಟ್ಟಿತು.

ವಿದ್ವಾಂಸರ ಅಭಿಪ್ರಾಯಗಳ ಭಾಗಕ್ಕೆ ‘ಎಂದು’ ವಾಕ್ಯವೇ ಹುಟ್ಟಲಿಲ್ಲ. ಬ್ಯೂಲರ್ ಒಂದು ಹೇಳುತ್ತಾನೆ, ಅಳ್ತೇಕರ್ ಇನ್ನೊಂದು ಹೇಳುತ್ತಾರೆ, ಕರ್ನಾಟಕದ ಇತಿಹಾಸಕಾರರು ಮತ್ತೊಂದು ಹೇಳುತ್ತಾರೆ ಎಂಬುದಷ್ಟೇ ಅಲ್ಲಿ ಇತ್ತು. ಅಭಿಪ್ರಾಯಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಭಾಗ ನಮ್ಮ ಪ್ರಬಂಧಗಳಲ್ಲಿ ಸಾಮಾನ್ಯ; ಅದು ಪಟ್ಟಿಯೊಳಗಿನ ಪಟ್ಟಿ. ವಾಕ್ಯ ಹುಟ್ಟದ ಭಾಗವನ್ನು ಅವಳು ಒಡೆದಳು. ಅಳ್ತೇಕರರ ವಾದ ‘ಸಮಾವಾಸಿತ’ದ ಚರ್ಚೆಯೊಳಗೆ ಸೇರಿತು, ಏಕೆಂದರೆ ಅವರು ಮಾತಾಡುತ್ತಿರುವುದು ಪದದ ಅರ್ಥವನ್ನು ಹಿಡಿದು. ಬ್ಯೂಲರನ ಗುರುತಿಸುವಿಕೆ ಬೇರೊಂದು ಪ್ರಶ್ನೆಗೆ ಸೇರಿದ್ದು: ತಾಮ್ರಪಟ ದೊರೆತ ಸ್ಥಳದಿಂದ ಅದು ಹೊರಟ ಸ್ಥಳವನ್ನು ಊಹಿಸಬಹುದೇ? ನಾಸಿಕದ ಮೋರಖಂಡ ವಣಿಗೆ ಸಮೀಪದಲ್ಲಿರುವುದು ಮೊದಲ ನೋಟಕ್ಕೆ ಬಲವಾದ ಸಾಕ್ಷ್ಯದಂತೆ ಕಾಣುತ್ತದೆ. ಆದರೆ ರಾಧನಪುರ ಗುಜರಾತಿನಲ್ಲಿದೆ, ಕಡಬ ದಕ್ಷಿಣ ಕರ್ನಾಟಕದಲ್ಲಿದೆ. ತಾಮ್ರಪಟ ದಾನ ಪಡೆದವರ ಕೈಯಲ್ಲಿ ಇರುವ ವಸ್ತು. ಅವರ ವಂಶಜರೊಡನೆ ಅದು ಊರಿಂದೂರಿಗೆ ಹೋಗುತ್ತದೆ. ಒಂದೇ ನೆಲೆಯಿಂದ ಹೊರಟ ಮೂರು ಶಾಸನಗಳು ನೂರಾರು ಮೈಲಿ ಅಂತರದ ಮೂರು ಕಡೆ ದೊರೆತಿರುವಾಗ ಅವುಗಳಲ್ಲಿ ಒಂದರ ಸಾಮೀಪ್ಯವನ್ನು ಆಧಾರವೆನ್ನಲಾಗದು. ಇದರಿಂದ ನಾಸಿಕದ ಪಕ್ಷ ದುರ್ಬಲವಾಗುತ್ತದೆ ನಿಜ. ಆದರೆ ಬೀದರದ ಪಕ್ಷ ಇದರಿಂದ ಬಲಗೊಳ್ಳುವುದಿಲ್ಲ. ಎದುರುಪಕ್ಷದ ಸೋಲನ್ನೇ ತನ್ನ ಗೆಲುವೆಂದು ಎಣಿಸುವ ತಪ್ಪು ಹಳೆಯ ಕಂಡಿಕೆಯ ಮರೆಯಲ್ಲಿ ಕಾಣುತ್ತಿರಲಿಲ್ಲ.

ಉಳಿದದ್ದು ಹೆಸರು, ಅವಳ ಸ್ವಂತ ಕ್ಷೇತ್ರವೂ ಅದೇ. ಸಂಸ್ಕೃತದ ಮಯೂರಕ್ಕೆ ಪ್ರಾಕೃತದಲ್ಲಿ ಮೋರ ಎಂಬ ರೂಪವಿದೆ. ಅಶೋಕನ ಗಿರ್ನಾರದ ಬಂಡೆಶಾಸನದಲ್ಲಿಯೇ, ಅಂದರೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಆ ರೂಪ ಕಾಣಿಸಿಕೊಂಡಿದೆ. ಮರಾಠಿಯಲ್ಲಿ ಇಂದಿಗೂ ನವಿಲಿಗೆ ಮೋರ ಎನ್ನುತ್ತಾರೆ. ಮಯೂರಖಂಡಿ ಮೋರಖಂಡಿಯಾಗುವುದಕ್ಕೆ ಭಾಷಿಕವಾಗಿ ಯಾವ ಅಡ್ಡಿಯೂ ಇಲ್ಲ. ಅಷ್ಟೇ ಅಲ್ಲ, ಜನಬಳಕೆಯ ಮೋರ ಎಂಬ ಹೆಸರನ್ನು ಶಾಸನಕವಿ ಮಯೂರ ಎಂದು ಸಂಸ್ಕೃತೀಕರಿಸಿರುವ ಸಾಧ್ಯತೆಯೂ ಇದೆ. ಅವಳ ನಾಲ್ಕನೆಯ ಭಾಗ ಇದನ್ನು ಸೊಗಸಾಗಿ ನಿರೂಪಿಸಿತ್ತು. ಆದರೆ ಅದರ ಕೊನೆಯಲ್ಲಿ ‘ಆದ್ದರಿಂದ ಮೋರಖಂಡಿಯೇ ಮಯೂರಖಂಡಿ’ ಎಂದು ಬರೆಯಲು ಹೋದಾಗ ಆ ‘ಆದ್ದರಿಂದ’ ನಿಲ್ಲಲಿಲ್ಲ. ಅದೇ ಧ್ವನಿನಿಯಮ ಅಷ್ಟೇ ನಿರಾತಂಕವಾಗಿ ನಾಸಿಕದ ಮೋರಖಂಡಕ್ಕೂ ಅನ್ವಯಿಸುತ್ತದೆ. ಉತ್ತರಪದವೂ ನಿರ್ಣಾಯಕವಲ್ಲ: ಮರಾಠಿಯ ಖಿಂಡ ಎಂದರೆ ಬೆಟ್ಟಗಳ ನಡುವಿನ ಇರುಕುದಾರಿ, ಕನ್ನಡದ ಕಂಡಿ ಎಂದರೆ ಸಂದು. ನವಿಲುಗುಂದದಂಥ ಹೆಸರುಗಳಿರುವ ಕನ್ನಡನಾಡಿನಲ್ಲಿ ‘ಮೋರ’ ಏಕೆ ಉಳಿಯಿತು ಎಂದು ಕೇಳಬಹುದು. ಆದರೆ ಬಸವಕಲ್ಯಾಣದಂಥ ಎರಡು ಭಾಷೆಗಳ ಗಡಿಸೀಮೆಯಲ್ಲಿ ಆ ಪ್ರಶ್ನೆಯೂ ಯಾವ ಕಡೆಗೂ ವಾಲುವುದಿಲ್ಲ. ನಿಷ್ಪತ್ತಿ ಸಾಧ್ಯತೆಯನ್ನು ತೋರಿಸಬಲ್ಲದು. ಸಮಾನವಾಗಿ ಸಾಧ್ಯವಾದ ಎರಡರ ನಡುವೆ ಒಂದನ್ನು ಆರಿಸಲಾರದು.

ಬೇರೆ ಹಾಳೆಯ ಮೇಲೆ ಈಗ ಮೂರು ವಾಕ್ಯಗಳಿದ್ದವು. ಭೌಗೋಳಿಕ ಹಿನ್ನೆಲೆಯ ಮೊದಲ ಭಾಗ ಯಾವ ವಾಕ್ಯವನ್ನೂ ಕೊಡಲಿಲ್ಲ. ಅದು ಈ ವಾದಕ್ಕೆ ಏನನ್ನೂ ಮಾಡುತ್ತಿರಲಿಲ್ಲವಾದ್ದರಿಂದ ಮಹಾಪ್ರಬಂಧದ ಪ್ರವೇಶ ಅಧ್ಯಾಯಕ್ಕೆ ಹೋಯಿತು. ಉಳಿದ ಮೂರು ವಾಕ್ಯಗಳ ನಡುವೆ ಸಂಬಂಧ ಹುಡುಕಬೇಕಾಗಿರಲಿಲ್ಲ. ಅವು ಒಂದನ್ನೊಂದು ಕರೆಯುತ್ತಿದ್ದವು. ಹೊಸ ಕಂಡಿಕೆ ಹೀಗೆ ರೂಪುಗೊಂಡಿತು:

‘ಮೂರನೆಯ ಗೋವಿಂದನ ತಾಮ್ರಪಟಗಳಲ್ಲಿ ಬರುವ ಮಯೂರಖಂಡಿ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯೇ ಎಂಬ ಅಭಿಪ್ರಾಯ ಮುಖ್ಯವಾಗಿ ಹೆಸರಿನ ಸಾಮ್ಯವನ್ನು ಅವಲಂಬಿಸಿದೆ. ಆ ಸಾಮ್ಯ ಎಷ್ಟು ಭಾರವನ್ನು ಹೊರಬಲ್ಲದು ಎಂಬುದೇ ಈ ಅಧ್ಯಾಯದ ಪ್ರಶ್ನೆ. ತಾಮ್ರಪಟಗಳು ಮಯೂರಖಂಡಿಯನ್ನು ಅರಸನ ಬಿಡಾರವೆಂದು ಹೇಳುತ್ತವೆಯೇ ಹೊರತು ರಾಜಧಾನಿಯೆಂದು ಕರೆಯುವುದಿಲ್ಲ ಎಂದು ಮೊದಲಿಗೆ ತೋರಿಸಲಾಗುವುದು. ಆದ್ದರಿಂದ ರಾಷ್ಟ್ರಕೂಟರ ಮೊದಲ ರಾಜಧಾನಿ ಯಾವುದು ಎಂಬ ಪ್ರಶ್ನೆಯನ್ನು ಮಯೂರಖಂಡಿ ಎಲ್ಲಿತ್ತು ಎಂಬ ಪ್ರಶ್ನೆಯಿಂದ ಬೇರ್ಪಡಿಸಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆಗೆ ಪಟಗಳು ದೊರೆತ ಸ್ಥಳಗಳು ಉತ್ತರ ಕೊಡಲಾರವು ಎಂಬುದು ಮುಂದಿನ ವಾದ. ಹಾಗಾಗಿ ನಾಸಿಕದ ಮೋರಖಂಡದ ಪರವಾದ ಒಂದು ಮುಖ್ಯ ಆಧಾರ ಸಡಿಲವಾಗುತ್ತದೆ, ಮತ್ತು ಎರಡು ಪಕ್ಷಗಳಿಗೂ ಹೆಸರೊಂದೇ ಉಳಿಯುತ್ತದೆ. ಆದರೆ ಮಯೂರದಿಂದ ಮೋರಕ್ಕೆ ಬರುವ ಧ್ವನಿಪರಿವರ್ತನೆ ಎರಡೂ ಸ್ಥಳಗಳಿಗೆ ಸಮಾನವಾಗಿ ಸಲ್ಲುತ್ತದೆ. ಆದುದರಿಂದ ಮೋರಖಂಡಿಯ ಪಕ್ಷ ತಳ್ಳಿಹಾಕುವಂಥದಲ್ಲ, ಸಿದ್ಧವಾದುದೂ ಅಲ್ಲ; ಅದನ್ನು ಮುಂದಕ್ಕೆ ಒಯ್ಯಬಲ್ಲದ್ದು ನೆಲದೊಳಗಿನ ಸಾಕ್ಷ್ಯವೇ ಹೊರತು ಇನ್ನೊಂದು ನಿಷ್ಪತ್ತಿಯಲ್ಲ ಎಂಬುದು ಈ ಅಧ್ಯಾಯದ ನಿಲುವು.’

ಎರಡು ಕಂಡಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬದಲಾದದ್ದು ಶೈಲಿಯಲ್ಲ ಎಂಬುದು ಸ್ಪಷ್ಟ. ಹೊಸದರಲ್ಲಿಯೂ ಅಧ್ಯಾಯದ ಕ್ರಮ ತಿಳಿಯುತ್ತದೆ. ಮೊದಲಿಗೆ ಪಟಗಳ ಪದ, ಅನಂತರ ದೊರೆತ ಸ್ಥಳ, ಅನಂತರ ಹೆಸರು. ಆದರೆ ಆ ಕ್ರಮ ಏಕೆ ಹಾಗಿದೆ ಎಂಬುದೂ ಅದರೊಡನೆ ತಿಳಿಯುತ್ತದೆ. ಇಲ್ಲಿ ವಾಕ್ಯಗಳನ್ನು ಅದಲುಬದಲು ಮಾಡಲು ಬರುವುದಿಲ್ಲ. ಧ್ವನಿಪರಿವರ್ತನೆಯ ವಾಕ್ಯವನ್ನು ಮೊದಲಿಗೆ ತಂದರೆ ‘ಹೆಸರೊಂದೇ ಉಳಿಯುತ್ತದೆ’ ಎಂಬ ಮಾತಿಗೆ ಬೆಂಬಲವಿರುವುದಿಲ್ಲ. ಭಿನ್ನಾಭಿಪ್ರಾಯವಿರುವ ಓದುಗರಿಗೂ ಎಲ್ಲಿ ನಿಂತು ಪ್ರತಿಭಟಿಸಬೇಕೆಂಬುದು ತಿಳಿಯುತ್ತದೆ. ‘ಸಮಾವಾಸಿತ’ ಎಂಬುದು ರಾಜಧಾನಿಯಲ್ಲಿರುವ ಅರಸನಿಗೂ ಸಲ್ಲುತ್ತದೆ ಎಂದು ಯಾರಾದರೂ ತೋರಿಸಿದರೆ ಮೊದಲ ಹೆಜ್ಜೆ ಬೀಳುತ್ತದೆ. ಆದರೂ ಮೂರನೆಯ ಹೆಜ್ಜೆ ಹಾಗೆಯೇ ನಿಲ್ಲುತ್ತದೆ. ಇಷ್ಟನ್ನು ಮೌಖಿಕ ಪರೀಕ್ಷೆಯ ಪರೀಕ್ಷಕರು ಅಧ್ಯಾಯವನ್ನು ಪೂರ್ತಿ ಓದುವ ಮೊದಲೇ ಗ್ರಹಿಸಬಲ್ಲರು.

ಈ ಬಗೆಯ ತಿದ್ದುಪಡಿಗೆ ಮಿತಿಗಳೂ ಇವೆ. ಮುನ್ನೋಟವು ಉಪಸಂಹಾರವಾಗಬಾರದು. ‘ಸಮಾವಾಸಿತ’ದ ಅರ್ಥಚರ್ಚೆ, ಪಟಗಳ ತೇದಿಗಳು, ಗಿರ್ನಾರದ ಶಾಸನದ ಉಲ್ಲೇಖ ಇವು ಯಾವುವೂ ಹೊಸ ಕಂಡಿಕೆಯೊಳಗೆ ಬಂದಿಲ್ಲ. ಹೇಳಿಕೆಗಳು ಮತ್ತು ಅವುಗಳ ಸಂಬಂಧ ಮಾತ್ರ ಅಲ್ಲಿವೆ. ಆಧಾರಗಳು ಆಯಾ ಭಾಗಗಳಲ್ಲಿವೆ. ಹಳೆಯದಕ್ಕಿಂತ ಹೊಸ ಕಂಡಿಕೆ ಉದ್ದವಾಗಿರುವುದು ಸಹಜ. ಆದರೆ ಅದು ಒಂದು ಪುಟವನ್ನು ಮೀರುತ್ತಿದ್ದರೆ ಆಧಾರಗಳು ನುಸುಳಿವೆ ಎಂದೇ ತಿಳಿಯಬೇಕು. ಇನ್ನೊಂದು ಮಿತಿ ಅಧ್ಯಾಯದ ಸ್ವರೂಪಕ್ಕೆ ಸಂಬಂಧಿಸಿದ್ದು. ಎಲ್ಲ ಬರವಣಿಗೆಯೂ ವಾದವಲ್ಲ. ಕೇಶಿರಾಜನ ಶಬ್ದಮಣಿದರ್ಪಣದ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳನ್ನು ಪರಿಚಯಿಸುವವರು ಅವುಗಳನ್ನು ಎಣಿಸಿ ಹೇಳುವುದೇ ಸರಿ; ಅಲ್ಲಿ ಓದುಗರಿಗೆ ಬೇಕಾದದ್ದು ಯಾವುದು ಎಲ್ಲಿದೆ ಎಂಬುದು. ಗ್ರಂಥಸಂಪಾದನೆಯ ಹಸ್ತಪ್ರತಿ ವಿವರಣೆಯೂ ಅಂಥದೇ. ಅವಳ ಮಹಾಪ್ರಬಂಧದಲ್ಲಿಯೇ ಎರಡೂ ತಾಲ್ಲೂಕುಗಳ ಊರಹೆಸರುಗಳನ್ನು ಪೂರ್ವಪದ, ಉತ್ತರಪದಗಳ ಪ್ರಕಾರ ವರ್ಗೀಕರಿಸಿದ ಎರಡನೆಯ ಅಧ್ಯಾಯದ ಕಂಡಿಕೆ ಪಟ್ಟಿಯಾಗಿಯೇ ಉಳಿಯಿತು. ಅಲ್ಲಿ ಬಲವಂತವಾಗಿ ‘ಎಂದು’ವನ್ನು ತಂದಿದ್ದರೆ ಇಲ್ಲದ ವಾದವನ್ನು ಹುಟ್ಟಿಸಿದಂತಾಗುತ್ತಿತ್ತು.

ಮೂರನೆಯ ಅಧ್ಯಾಯಕ್ಕೆ ಆದದ್ದು ಅದರ ವಿರುದ್ಧ. ಇದ್ದ ವಾದವೊಂದು ಕಡಿಮೆಯಾಯಿತು, ಉಳಿದದ್ದು ನಿಲ್ಲುವಂಥದಾಯಿತು. ಅದರ ಶೀರ್ಷಿಕೆ ‘ರಾಷ್ಟ್ರಕೂಟರ ಮೊದಲ ರಾಜಧಾನಿ ಮೋರಖಂಡಿ’ ಎಂದಿದ್ದುದು ‘ಮಯೂರಖಂಡಿ: ಹೆಸರಿನ ಸಾಕ್ಷ್ಯದ ವ್ಯಾಪ್ತಿ’ ಎಂದು ಬದಲಾಯಿತು. ಊರಿನ ಹಿರಿಯರಿಗೆ ಇದನ್ನು ಹೇಳುವುದು ಕಂಡಿಕೆಯನ್ನು ತಿದ್ದುವುದಕ್ಕಿಂತ ಕಷ್ಟದ ಕೆಲಸವಾಗಿತ್ತು. “ಅಂದ್ರ ಅಲ್ಲ ಅಂತೀ?” ಎಂದು ಅವರು ಕೇಳಿದರು. “ಅಲ್ಲ ಅಂತ ಅಂದಿಲ್ಲ ಕಾಕಾ. ಹೌದು ಅನ್ನಲಿಕ್ಕೆ ಇನ್ನೂ ಏನು ಸಿಗಬೇಕು ಅಂತ ಬರದೀನಿ” ಎಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಏನು ಸಿಗಬೇಕು, ಎಲ್ಲಿ ನೋಡಬೇಕು ಎಂದು ವಿಚಾರಿಸತೊಡಗಿದರು. ಹಳೆಯ ಅಧ್ಯಾಯವನ್ನು ಓದಿದವರು ಕೇಳಲು ಸಾಧ್ಯವಿಲ್ಲದ ಪ್ರಶ್ನೆ ಅದು. ಏಕೆಂದರೆ ಅಲ್ಲಿ ಐದನೆಯ ಭಾಗದ ಹೊತ್ತಿಗೆ ಎಲ್ಲವೂ ಕ್ರೋಡೀಕರಣಗೊಂಡು ಮುಗಿದುಹೋಗಿತ್ತು.